ಏರಿ ಒಡೆದ ರಾತ್ರಿ: ಆಟದ ವಸ್ತುಗಳಿಗೆ ಹದಿನೈದು ಪದದಲ್ಲಿ ಚರಿತ್ರೆ ಬರೆಯುವುದು

ನಾನೂ ಇಬ್ಬರು ಗೆಳೆಯರೂ ಬಿಡುವಿದ್ದಾಗ ಕಟ್ಟುತ್ತಿರುವ ಫ್ಯಾಂಟಸಿ ಆಟವೊಂದಿದೆ. ಅದರ ಮೊದಲ ಆವೃತ್ತಿಗೆ ನಾನು ನಲವತ್ತು ವಸ್ತುಗಳ ವಿವರಣೆ ಬರೆದೆ. ಒಂದು ವಾರ ಬಿಟ್ಟು ಓದಿದರೆ ಇಪ್ಪತ್ತಾರರಲ್ಲಿ ‘ಪ್ರಾಚೀನ’ ಇತ್ತು, ಉಳಿದವುಗಳಲ್ಲಿ ‘ನಿಗೂಢ’ ಇತ್ತು. ಕತ್ತಿಯೂ ಪ್ರಾಚೀನ, ಸೌಟೂ ಪ್ರಾಚೀನ. ಆಡಿ ನೋಡಿದ ಗೆಳೆಯನೊಬ್ಬ ಒಂದನ್ನೂ ಪೂರ್ತಿ ಓದದೆ ಬಟನ್ ಒತ್ತುತ್ತಾ ಹೋದ. ನಲವತ್ತನ್ನೂ ಅಳಿಸಿ ಮತ್ತೆ ಬರೆಯುವಾಗ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಉದಾಹರಣೆಗೆ ನಮ್ಮ ಆಟದ್ದೇ ಒಂದು ಘಟನೆ, ಅದಕ್ಕೆ ಸೇರಿದ ನಾಲ್ಕು ವಸ್ತುಗಳು.

ಈ ಬಗೆಯ ಬರವಣಿಗೆ ಆಟಗಾರರಿಗೆ ಹೆಚ್ಚು ಪರಿಚಯವಾದದ್ದು 2011ರ ಡಾರ್ಕ್ ಸೋಲ್ಸ್‌ನಿಂದ. ಅದರಲ್ಲಿ ಕಥೆಯ ಬಹುಪಾಲು ಸಿಗುವುದು ಉಂಗುರ, ಕವಚ, ಕತ್ತಿಗಳ ಕೆಳಗಿನ ಸಾಲುಗಳಲ್ಲಿ. ಅದನ್ನು ಆಡಿದವರು ಬರೆಯಲು ಕೂತರೆ ಅದೇ ಇಂಗ್ಲಿಷ್ ಧಾಟಿ ಕನ್ನಡದ ವೇಷದಲ್ಲಿ ಬರುತ್ತದೆ. ನನಗೂ ಬಂದಿತ್ತು. ಅದನ್ನು ಬಿಡಿಸಿದ್ದು ಒಂದು ನಾಯಿಯ ಕಲ್ಲು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಅದು. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದ್ದನ್ನು ಕೇಳು’ ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದೂ ಕೆತ್ತಿಸಿದರು. ಗೆದ್ದ ಯೋಧ ಊರನ್ನೋ ಹೊನ್ನನ್ನೋ ಕೇಳದೆ ನಾಯಿಯನ್ನು ಯಾಕೆ ಕೇಳಿದ? ಶಾಸನ ಅದನ್ನು ಹೇಳುವುದಿಲ್ಲ. ಏನು ಕೊಟ್ಟರು, ಎಲ್ಲಿ ನಿಲ್ಲಿಸಿದರು, ತಪ್ಪಿದರೆ ಏನಾಗುತ್ತದೆ, ಇಷ್ಟೇ. ‘ಮಣಲೇರನು ತನ್ನ ನಾಯಿಯನ್ನು ಅಪಾರವಾಗಿ ಪ್ರೀತಿಸುತ್ತಿದ್ದನು’ ಎಂದು ಬರೆದಿದ್ದರೆ ನಾನು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಸಾವಿರ ವರ್ಷದ ರೂಢಿ ಇದೆ, ಬೇರೆ ಧಾಟಿ ಹುಡುಕಬೇಕಾಗಿಲ್ಲ.

ಮೊದಲ ಹಂತ: ಗುಟ್ಟನ್ನು ಪೂರ್ತಿ ಬರೆದಿಡಿ

ಸುಳಿವು ಕೊಡುವವನಿಗೆ ಸತ್ಯ ಗೊತ್ತಿರಬೇಕು. ‘ಏನೋ ದೊಡ್ಡ ದುರಂತ ನಡೆದಿತ್ತು’ ಎಂಬಷ್ಟೇ ತಲೆಯಲ್ಲಿಟ್ಟುಕೊಂಡು ಬರೆದರೆ ಆಟಗಾರನಿಗೂ ಅಷ್ಟೇ ತಲುಪುತ್ತದೆ. ಒಂದು ಹಾಳೆಯಲ್ಲಿ ಐದಾರು ನೇರ ವಾಕ್ಯ ಸಾಕು. ಅಲಂಕಾರ ಬೇಡ, ಪೊಲೀಸ್ ಪಂಚನಾಮೆಯ ಹಾಗಿರಲಿ. ನಮ್ಮದು ಹೀಗಿತ್ತು:

ಶತ್ರುಗಳ ಪಡೆ ಹಿರೇಕೆರೆಯ ಕೆಳಗಿನ ಗದ್ದೆಬಯಲಿನಲ್ಲಿ ಬೀಡುಬಿಟ್ಟಿತ್ತು. ಅರಸ ಯುದ್ಧಕ್ಕೆ ಹೋಗುವ ಬದಲು ರಾತ್ರೋರಾತ್ರಿ ಕೆರೆಯ ಏರಿಯನ್ನು ಒಡೆಸಿದ. ಒಡೆದವನು ಕೆರೆಯ ನೀರುಗಂಟಿ ಬೊಮ್ಮ. ಪಡೆಯ ಜೊತೆಗೆ ಕೆಳಗಿದ್ದ ತಗ್ಗಳ್ಳಿ ಎಂಬ ಸ್ವಂತ ಊರೂ ಕೊಚ್ಚಿಹೋಯಿತು. ಆ ವರ್ಷ ಮಳೆ ಹೆಚ್ಚಾಗಿ ಏರಿ ತಾನೇ ಒಡೆಯಿತು ಎಂದು ಅರಮನೆ ಸಾರಿತು. ಬೊಮ್ಮನ ಮಗಳು ಆ ರಾತ್ರಿ ತಗ್ಗಳ್ಳಿಯ ಅಜ್ಜಿಮನೆಯಲ್ಲಿದ್ದಳು.

ಬರೆದ ಮೇಲೆ ಇವುಗಳಲ್ಲಿ ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆಯಿರಿ. ಅದು ಆಟದಲ್ಲಿ ಎಲ್ಲೂ, ಯಾರ ಬಾಯಲ್ಲೂ ಬರಬಾರದು. ನಾವು ಗೆರೆ ಎಳೆದದ್ದು ಕೊನೆಯ ವಾಕ್ಯಕ್ಕೆ. ಉಳಿದ ಎಲ್ಲ ಬರಹವೂ ಆ ವಾಕ್ಯದ ಸುತ್ತ ಸುತ್ತಬೇಕು, ಅದನ್ನು ಮುಟ್ಟಬಾರದು.

ಹಾಳೆಯಲ್ಲಿ ಒಂದು ಸುಳ್ಳೂ ಇರುವುದನ್ನು ಗಮನಿಸಿ. ಗುಪ್ತ ಚರಿತ್ರೆ ಗುಪ್ತವಾಗಿರುವುದು ಯಾರೋ ಮುಚ್ಚಿಟ್ಟದ್ದರಿಂದ. ಮುಚ್ಚಿಟ್ಟವರು ಬದಲಿಗೆ ಇನ್ನೊಂದು ಕಥೆ ಹೇಳಿರುತ್ತಾರೆ. ಆ ಅಧಿಕೃತ ಕಥೆ ಇಲ್ಲದಿದ್ದರೆ ಆಟಗಾರನಿಗೆ ಅನುಮಾನಪಡಲು ಏನೂ ಇರುವುದಿಲ್ಲ.

ಎರಡನೇ ಹಂತ: ವಸ್ತುವಿನ ಮೇಲಿನ ಗುರುತು ಹುಡುಕಿ

ಈಗ ವಸ್ತುವನ್ನು ಕೈಗೆತ್ತಿಕೊಂಡು ನೋಡಿ. ಅಲ್ಲಿ ಸವೆದದ್ದು, ಮುಕ್ಕಾದದ್ದು, ಕಟ್ಟಿದ್ದು, ಅಳಿಸಿದ್ದು ಏನು? ಚರಿತ್ರೆ ವಸ್ತುವಿನ ಮೇಲೆ ಬಿಟ್ಟ ಕಲೆಯೇ ನಿಮ್ಮ ವಾಕ್ಯ. ನೀರುಗಂಟಿಯ ಗುದ್ದಲಿಗೆ ನಾನು ಮೊದಲು ಬರೆದದ್ದು ಇದು:

> ಇದು ಹಿರೇಕೆರೆಯ ನೀರುಗಂಟಿ ಬೊಮ್ಮನು ಬಳಸುತ್ತಿದ್ದ ಪ್ರಾಚೀನ ಗುದ್ದಲಿ. ಮಹಾಯುದ್ಧದ ಕಾಲದಲ್ಲಿ ಅರಸನ ಆಜ್ಞೆಯಂತೆ ಅವನು ಇದರಿಂದಲೇ ಕೆರೆಯ ಏರಿಯನ್ನು ಕಡಿದು ಶತ್ರು ಸೈನ್ಯವನ್ನು ಮುಳುಗಿಸಿದನು. ಆದರೆ ತಗ್ಗಳ್ಳಿಯ ಅಮಾಯಕ ಜನರೂ, ಅವನ ಸ್ವಂತ ಮಗಳೂ ಆ ಪ್ರವಾಹದಲ್ಲಿ ಕೊಚ್ಚಿಹೋದರು. ಅಂದಿನಿಂದ ಈ ಗುದ್ದಲಿಯು ದುಃಖದ ಸಂಕೇತವಾಗಿ ಉಳಿದಿದೆ.

ಮೂವತ್ತೈದು ಪದ, ಗುಟ್ಟೆಲ್ಲಾ ಹೊರಗೆ. ಗುದ್ದಲಿ ಮಾತ್ರ ಕಾಣುವುದೇ ಇಲ್ಲ. ಇದರ ಬದಲು ಕೊಡಲಿಯ ಚಿತ್ರ ಹಾಕಿದರೂ ಬರಹ ಹೊಂದುತ್ತದೆ. ‘ದುಃಖದ ಸಂಕೇತ’ ಎಂಬುದು ಆಟಗಾರ ಮಾಡಬೇಕಾದ ಕೆಲಸವನ್ನು ನಾನೇ ಮಾಡಿಟ್ಟದ್ದು. ಎರಡನೇ ಸಲ:

> ಹಿರೇಕೆರೆಯ ನೀರುಗಂಟಿಯ ಗುದ್ದಲಿ. ಏರಿ ಕಟ್ಟಲು ಕೊಟ್ಟದ್ದು. ಏರಿ ಕಡಿಯಲೂ ಇದೇ ಸಾಕಾಯಿತು.

ಓದಲು ಚೆನ್ನಾಗಿದೆ, ಅದೇ ಅನುಮಾನ. ಚಪ್ಪಾಳೆ ಗಿಟ್ಟಿಸುವ ವಾಕ್ಯ ಇದು, ನಾಟಕದ ಅಂಕ ಮುಗಿಯುವಾಗ ಬರುವಂಥದ್ದು. ಗುಟ್ಟನ್ನೂ ಬಿಟ್ಟುಕೊಟ್ಟಿದೆ. ಮೂರನೇ ಸಲ ಗುದ್ದಲಿಯನ್ನೇ ನೋಡಿದೆ. ಏರಿಯ ಒಳಮೈಗೆ ಅಲೆ ತಡೆಯಲು ಕಲ್ಲು ಹಾಸಿರುತ್ತಾರೆ. ಮಣ್ಣಿನ ಕೆಲಸದ ಗುದ್ದಲಿಗೆ ಆ ಕಲ್ಲಿನ ಜೊತೆ ಕೆಲಸವಿಲ್ಲ. ಅದನ್ನು ಕಿತ್ತವನ ಗುದ್ದಲಿಯ ಬಾಯಿ ಮುರಿದಿರುತ್ತದೆ.

> ಹಿರೇಕೆರೆಯ ಏರಿಗೆ ಮಣ್ಣೆತ್ತಲು ನೀರುಗಂಟಿಗೆ ಕೊಟ್ಟ ಗುದ್ದಲಿ. ಬಾಯಿ ಕಲ್ಲಿಗೆ ತಾಗಿ ಮುಕ್ಕಾಗಿದೆ. ಕಾವಿಗೆ ಎಳೆಮಗುವಿನ ಗೆಜ್ಜೆ, ಒಂದು ಕಾಲಿನದು.

ಹದಿನೈದು ಪದ. ಮೊದಲ ವಾಕ್ಯ ವಸ್ತು ಯಾವುದಕ್ಕಿತ್ತು ಎನ್ನುತ್ತದೆ, ಎರಡನೆಯದು ಅದು ಬೇರೆ ಯಾವುದಕ್ಕೋ ಬಳಕೆಯಾಯಿತು ಎಂಬ ಗುರುತು ತೋರಿಸುತ್ತದೆ, ಮೂರನೆಯದು ಅಲ್ಲಿರಬಾರದ ಒಂದನ್ನು ಇಡುತ್ತದೆ. ಬೊಮ್ಮನ ಹೆಸರೂ ಬಿದ್ದುಹೋಯಿತು, ಅದು ಬೇರೆ ಕಡೆ ಬೇಕಾಗಿತ್ತು. ಗೆಜ್ಜೆ ಯಾರದೆಂದು ನಾನು ಹೇಳಿಲ್ಲ. ಹಿಡಿ ಎನ್ನದೆ ‘ಕಾವು’ ಎಂದದ್ದಕ್ಕೂ ಕಾರಣವಿದೆ. ಗುದ್ದಲಿ ಹಿಡಿದವರ ಮಾತು ಅದು. ಕಸುಬಿನ ಒಂದು ಪದ ಸರಿಯಾಗಿ ಬಿದ್ದರೆ ಲೋಕ ನಿಜವೆನಿಸುತ್ತದೆ.

ಮೂರನೇ ಹಂತ: ಬಚ್ಚಿಡುವ ಕೆಲಸವನ್ನು ವ್ಯಾಕರಣಕ್ಕೆ ಕೊಡಿ

ಕನ್ನಡದಲ್ಲಿ ಬರೆಯುವವರಿಗೆ ಪುಕ್ಕಟೆ ಸಿಗುವ ಸೌಲಭ್ಯ ಇದು, ಬಹಳ ಜನ ಬಳಸುವುದೇ ಇಲ್ಲ. ಈ ನಾಲ್ಕನ್ನು ಓದಿ ನೋಡಿ:

ಏರಿ ಒಡೆಯಿತು.
ಏರಿ ಒಡೆಯಿತಂತೆ.
ಏರಿ ಒಡೆದರು.
ಏರಿ ಒಡೆಸಿದರು.

ಎರಡೆರಡೇ ಪದ, ನಾಲ್ಕು ಚರಿತ್ರೆ. ಮೊದಲನೆಯದು ಅರಮನೆಯ ಮಾತು. ಎರಡನೆಯದು ಅದನ್ನು ನಂಬದ ಸಂತೆಯವರ ಮಾತು. ‘ಅಂತೆ’ ಸೇರಿದ ಕೂಡಲೇ ಹೇಳುವವನು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಮೂರನೆಯದರಲ್ಲಿ ಒಡೆದವರು ಇದ್ದಾರೆ, ಯಾರೆಂದಿಲ್ಲ, ಕರ್ತೃಪದವಿಲ್ಲದೆಯೂ ವಾಕ್ಯ ಆರಾಮಾಗಿ ನಿಲ್ಲುತ್ತದೆ. ನಾಲ್ಕನೆಯದರಲ್ಲಿ ‘ಇಸು’ ಬಂದದ್ದೇ ತಡ, ಒಡೆದವನ ಹಿಂದೆ ಆಜ್ಞೆ ಕೊಟ್ಟವನೊಬ್ಬ ಎದ್ದು ನಿಂತ.

ಇದಕ್ಕಿಂತ ಒಳ್ಳೆಯದು ಇನ್ನೊಂದಿದೆ. ‘ಏರಿ ಒಡೆದ ರಾತ್ರಿ’ ಎನ್ನಿ. ಏರಿ ತಾನಾಗಿ ಒಡೆದ ರಾತ್ರಿಯೋ, ಯಾರೋ ಏರಿಯನ್ನು ಒಡೆದ ರಾತ್ರಿಯೋ? ‘ಒಡೆದ’ ಎರಡಕ್ಕೂ ಸಲ್ಲುತ್ತದೆ. ಮೊದಲ ಸಲ ಓದುವವನು ತಾನಾಗಿ ಒಡೆಯಿತೆಂದೇ ಓದುತ್ತಾನೆ. ಗುದ್ದಲಿ ಸಿಕ್ಕ ಮೇಲೆ ಅದೇ ಮೂರು ಪದ ಬೇರೆಯಾಗಿ ಕೇಳಿಸುತ್ತದೆ. ಅರಮನೆಯ ಆಯುಧಶಾಲೆಯ ಕತ್ತಿಗೆ ನಾನು ಇದನ್ನೇ ಬಳಸಿದೆ:

> ಏರಿ ಒಡೆದ ರಾತ್ರಿ ಅರಸರು ಸೊಂಟಕ್ಕೆ ಕಟ್ಟಿದ್ದ ಕತ್ತಿ. ಸಾಣೆಯ ಗೆರೆ ಇನ್ನೂ ಮಾಸಿಲ್ಲ.

ಅರಸರು ಎಂಬ ಬಹುವಚನ ಇಲ್ಲಿ ಬೇಕು. ಈ ವಿವರಣೆ ಅರಮನೆಯವರ ಬಾಯಿಂದ ಬಂದದ್ದು, ಅವರು ‘ಅರಸ’ ಎನ್ನುವುದಿಲ್ಲ. ತಗ್ಗಳ್ಳಿ ಕಡೆಯ ವಸ್ತುಗಳಲ್ಲಿ ಅವನು ಏಕವಚನದಲ್ಲೇ ಬರುತ್ತಾನೆ. ಯಾವ ವಸ್ತು ಯಾರ ಕಡೆಯದು ಎಂದು ಪ್ರತ್ಯೇಕ ಹೇಳಬೇಕಾಗಿಲ್ಲ.

ನಾಲ್ಕನೇ ಹಂತ: ವಸ್ತುಗಳು ಒಂದಕ್ಕೊಂದು ಸಾಕ್ಷಿ ನುಡಿಯಲಿ

ಒಂದೇ ವಸ್ತು ಎಲ್ಲವನ್ನೂ ಹೊರಬಾರದು. ಕತ್ತಿ ಕಾದಾಟವಾಗಲಿಲ್ಲ ಎನ್ನುತ್ತದೆ, ಗುದ್ದಲಿ ಕಲ್ಲು ಕಿತ್ತರು ಎನ್ನುತ್ತದೆ. ಅರಮನೆಯ ಸುಳ್ಳನ್ನು ಒಡೆಯಲು ಮೂರನೆಯದು ಬೇಕಿತ್ತು. ಮಳೆ ಹೆಚ್ಚಾಗಿ ಏರಿ ಒಡೆಯಿತು ಎಂಬುದು ಸುಳ್ಳಾದರೆ, ಆ ವರ್ಷ ಕೆರೆ ತುಂಬಿಯೇ ಇರಲಿಲ್ಲ ಎಂಬುದು ಸಾಕ್ಷಿ. ಕೆರೆ ತುಂಬಿದರೆ ಹೆಚ್ಚಿನ ನೀರು ಮೊದಲು ಕೋಡಿಯಲ್ಲಿ ಹರಿಯುತ್ತದೆ. ಕೋಡಿ ಬಿದ್ದರೆ ಊರ ಹೆಂಗಸರು ಬಾಗಿನ ಬಿಡುತ್ತಾರೆ. ಕುಂಬಾರಗೇರಿಯ ಒಂದು ಮನೆಯ ಅಟ್ಟದಲ್ಲಿ ಇದು ಸಿಗುತ್ತದೆ:

> ಕೆರೆ ತುಂಬಿ ಕೋಡಿ ಬಿದ್ದ ದಿನ ಬಾಗಿನ ಬಿಡುವ ಜೋಡಿ ಮೊರ. ಏರಿ ಒಡೆದ ವರ್ಷ ಹೆಣೆದದ್ದು. ಬಿದಿರು ನೀರು ಕಂಡಿಲ್ಲ.

ಅಷ್ಟೆ. ಯಾರೂ ಮಳೆಯ ಮಾತೆತ್ತಲಿಲ್ಲ. ಕೆರೆಯ ಊರಿನಲ್ಲಿ ಬೆಳೆದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಇತರರಿಗೂ ಮೊದಲ ವಾಕ್ಯದಲ್ಲೇ ಬೇಕಾದ ನಿಯಮ ಇದೆ. ಅದಕ್ಕೇ ಅದನ್ನು ಬಿಟ್ಟಿಲ್ಲ. ಸುಳಿವನ್ನು ಬಿಡಿಸಲು ಹೊರಗಿನ ತಿಳಿವಳಿಕೆ ಬೇಕಾದರೆ, ಆ ತಿಳಿವಳಿಕೆ ಅದೇ ವಿವರಣೆಯಲ್ಲೋ ಆಟದ ಬೇರೆ ಮೂಲೆಯಲ್ಲೋ ಸಿಗುವಂತಿರಬೇಕು.

ನಾಲ್ಕನೆಯದು ಒಂದು ತಾಮ್ರಪಟ. ಇಲ್ಲಿ ಹಳೆಯ ದತ್ತಿಗಳ ಶಬ್ದ ನೆರವಿಗೆ ಬಂತು. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಬಿಡುತ್ತಿದ್ದ ಭೂಮಿ ಕಟ್ಟುಗೊಡಗೆ. ಕಾದಿ ಸತ್ತವರ ಮನೆಗೆ ಬಿಡುತ್ತಿದ್ದದ್ದು ನೆತ್ತರುಗೊಡಗೆ. ಕೆರೆ ಕಾಯುವವನಿಗೆ ಮೊದಲನೆಯದು ಸಲ್ಲಬೇಕು.

> ಏರಿ ಒಡೆದುದಕ್ಕೆ ನೀರುಗಂಟಿ ಬೊಮ್ಮನ ಮನೆಗೆ ಮೂರು ಕೊಳಗ ಗದ್ದೆ, ನೆತ್ತರುಗೊಡಗೆಯಾಗಿ. ಗದ್ದೆ ಇರುವುದು ತಗ್ಗಳ್ಳಿಯಲ್ಲಿ.

ಬೊಮ್ಮನ ಹೆಸರು ಬೇಕಾದದ್ದು ಇಲ್ಲಿ. ಮಳೆಯಿಂದ ಒಡೆದ ಏರಿಗೆ ಯಾರಿಗೂ ಗದ್ದೆ ಕೊಡುವುದಿಲ್ಲ. ಕೊಟ್ಟ ಗದ್ದೆಗೆ ಹಿಂದಿನ ಒಡೆಯರು ಎಲ್ಲಿ ಹೋದರು ಎಂಬ ಪ್ರಶ್ನೆ ಕೊನೆಯ ಎರಡು ಪದದಲ್ಲಿದೆ. ‘ನೆತ್ತರುಗೊಡಗೆ’ ಗೊತ್ತಿಲ್ಲದವರಿಗೂ ನೆತ್ತರು ಗೊತ್ತು. ಹಳೆಯ ಶಬ್ದ ಆರಿಸುವಾಗ ಇದೇ ನನ್ನ ಅಳತೆ: ಅರ್ಧವಾದರೂ ತಾನೇ ಅರ್ಥವಾಗಬೇಕು, ಒಂದು ವಿವರಣೆಗೆ ಒಂದೇ ಇರಬೇಕು. ‘ಗೆಯ್ದನ್’, ‘ಇರ್ದಪಂ’ ಎಂದು ಹಳಗನ್ನಡದ ಹಾಗೆ ಕೇಳಿಸುವಂತೆ ಬರೆಯಲು ಹೋಗಬೇಡಿ. ವಿಭಕ್ತಿ ತಪ್ಪುತ್ತದೆ, ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರು ಓದುವುದಿಲ್ಲ.

ನಾಲ್ಕನ್ನೂ ಹೊಲಿಯುವ ದಾರ ‘ಏರಿ’ ಎಂಬ ಪದ, ಮೂರರಲ್ಲಿ ‘ಏರಿ ಒಡೆದ’ ಎಂದೇ ಬಂದಿದೆ. ಒಂದು ಕಡೆ ಏರಿ, ಇನ್ನೊಂದು ಕಡೆ ಕಟ್ಟೆ, ಮತ್ತೊಂದರಲ್ಲಿ ಒಡ್ಡು ಎಂದು ಬರೆದಿದ್ದರೆ ಆಟಗಾರನಿಗೆ ಮೂರು ಬೇರೆ ಜಾಗಗಳೆನಿಸುತ್ತಿತ್ತು. ಶಾಲೆಯಲ್ಲಿ ಪದ ಮರುಕಳಿಸಬಾರದು ಎಂದು ಕಲಿಸಿದ್ದನ್ನು ಇಲ್ಲಿ ಮರೆಯಬೇಕು. ನಮ್ಮ ಮೂವರಲ್ಲಿ ಇಬ್ಬರು ಬರೆಯುವವರು, ಆದ್ದರಿಂದ ಹೀಗೆ ಗಟ್ಟಿ ಮಾಡಿದ ಪದಗಳ ಪಟ್ಟಿಯೊಂದನ್ನು ಗುಟ್ಟಿನ ಹಾಳೆಯ ಹಿಂಬದಿಗೇ ಬರೆದಿಟ್ಟಿದ್ದೇವೆ.

ವಸ್ತು ಎಲ್ಲಿ ಸಿಗುತ್ತದೆ ಎಂಬುದೂ ಬರವಣಿಗೆಯೇ. ಗುದ್ದಲಿಯನ್ನು ಮೊದಲು ಏರಿಯ ಪಕ್ಕ ಇಟ್ಟಿದ್ದೆವು. ಆಮೇಲೆ ತಗ್ಗಳ್ಳಿಯ ಹಾಳು ಗುಡಿಯ ಮುಂದೆ, ವೀರಗಲ್ಲಿನಂತೆ ನೆಟ್ಟು ನಿಲ್ಲಿಸಿದೆವು. ‘ಅವನು ಪಶ್ಚಾತ್ತಾಪಪಟ್ಟ’ ಎಂದು ಬರೆಯುವ ಅಗತ್ಯ ಅಲ್ಲಿಗೆ ಮುಗಿಯಿತು. ಕತ್ತಿ ಆಟದ ಆರಂಭದಲ್ಲಿ ಸಿಗುತ್ತದೆ, ಗುದ್ದಲಿ ಕೊನೆಗೆ. ಎರಡೂ ಒಂದೇ ಕೋಣೆಯಲ್ಲಿದ್ದರೆ ಬಿಡಿಸಲು ಏನೂ ಉಳಿಯುತ್ತಿರಲಿಲ್ಲ.

ಐದನೇ ಹಂತ: ಪೆಟ್ಟಿಗೆಯಲ್ಲಿ ಹಾಕಿ ನೋಡಿ

ಬರಹ ಕೊನೆಗೆ ಕೂರುವುದು ಪರದೆಯ ಒಂದು ಚಿಕ್ಕ ಪೆಟ್ಟಿಗೆಯಲ್ಲಿ. ಪ್ರೋಗ್ರಾಮರ್ ‘120 ಅಕ್ಷರ ಮಿತಿ’ ಎಂದರೆ ಎಣಿಸುವುದು ಯಾವುದನ್ನು ಎಂದು ಕೇಳಿಕೊಳ್ಳಿ. ಪೈಥಾನ್‌ನಲ್ಲಿ ಹೀಗೆ ಕೇಳಿದರೆ

```
len("ಸ್ತ್ರೀ")
```

ಉತ್ತರ 6 ಬರುತ್ತದೆ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಯಂತ್ರ ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಸ್ವರಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಆ ಮಿತಿಯನ್ನು ನಂಬಿ ಒಳ್ಳೆಯ ವಾಕ್ಯ ಕತ್ತರಿಸಬೇಡಿ, ಪೆಟ್ಟಿಗೆಗೆ ಎಷ್ಟು ಸಾಲು ಹಿಡಿಸುತ್ತದೆ ಎಂದು ನೋಡಿ. ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ, ‘ಗುದ್ದಲಿ’ಯ ‘ದ್ದ’ ನೋಡಿದರೆ ಸಾಕು. ಯೂನಿಟಿಯ ಟೆಕ್ಸ್ಟ್‌ಮೆಶ್‌ಪ್ರೊ ಬಳಸುವವರಿಗೆ ಇನ್ನೊಂದು ತೊಂದರೆ: ಅದು ತಾನಾಗಿ ಒತ್ತಕ್ಷರ ಜೋಡಿಸುವುದಿಲ್ಲ, ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಗೋಡೋ 4ರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಇದನ್ನು ನಲವತ್ತು ವಿವರಣೆ ಬರೆಯುವ ಮೊದಲು ನೋಡಿಕೊಳ್ಳಿ, ನನ್ನ ಹಾಗೆ ಆಮೇಲೆ ಅಲ್ಲ.

ಆಟ ಬೇರೆ ಭಾಷೆಗೆ ಹೋಗುವುದಿದ್ದರೆ ಅನುವಾದಕರಿಗೆ ಗುಟ್ಟಿನ ಹಾಳೆಯನ್ನೂ ಕೊಡಿ. ‘ಏರಿ ಒಡೆದ ರಾತ್ರಿ’ಯ ಇಬ್ಬಗೆ ಅವರಿಗೆ ಗೊತ್ತಿಲ್ಲದಿದ್ದರೆ ಅವರು ಎರಡರಲ್ಲಿ ಒಂದನ್ನು ಆರಿಸಿಬಿಡುತ್ತಾರೆ, ಆಟದ ಕೀಲಿ ಅಲ್ಲೇ ಮುರಿಯುತ್ತದೆ.

ಆರನೇ ಹಂತ: ಗೊತ್ತಿಲ್ಲದವರಿಗೆ ಓದಿಸಿ

ಗುಟ್ಟು ಗೊತ್ತಿಲ್ಲದ ಒಬ್ಬರಿಗೆ ನಾಲ್ಕನ್ನೂ ಆಟದಲ್ಲಿ ಸಿಗುವ ಕ್ರಮದಲ್ಲೇ ಕೊಡಿ. ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ‘ಏನಾಗಿರಬಹುದು?’ ಎಂದು ಕೇಳಿ. ‘ಏನೋ ಹಳೇ ಯುದ್ಧ’ ಎಂದರೆ ಗುರುತುಗಳು ಸಾಲದು. ಎರಡನೇ ವಸ್ತುವಿಗೇ ಇಡೀ ಕಥೆ ಒಪ್ಪಿಸಿದರೆ ಎಲ್ಲೋ ನೀವೇ ಬಾಯಿಬಿಟ್ಟಿದ್ದೀರಿ, ಆ ವಾಕ್ಯ ಹುಡುಕಿ ತೆಗೆಯಿರಿ. ‘ಹೀಗಿರಬಹುದು, ಇಲ್ಲ ಹಾಗಿರಬಹುದು’ ಎಂದು ಎರಡು ಊಹೆಗಳ ನಡುವೆ ತೂಗಾಡಿ ಹಿಂದಿನದನ್ನು ಮತ್ತೆ ತೆರೆದು ಓದಿದರೆ ಸರಿಯಾಗಿದೆ.

ನಮ್ಮ ನಾಲ್ಕನ್ನು ಮೊದಲು ಓದಿದ್ದು ಗೆಳೆಯನ ಅಕ್ಕ. ಆಟ ಆಡುವವರಲ್ಲ. ತಾಮ್ರಪಟ ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕತ್ತಿಯದನ್ನು ಇನ್ನೊಮ್ಮೆ ಕೇಳಿ ಇಸಿದುಕೊಂಡರು. ಆಮೇಲೆ ಗುದ್ದಲಿಯದನ್ನು. ‘ಒಂದು ಗೆಜ್ಜೆ ಇಲ್ಲಿದೆ, ಇನ್ನೊಂದೆಲ್ಲಿ?’ ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಗೆಳೆಯ ಅದನ್ನು ಕೆರೆಯಂಗಳದ ಕೆಸರಿನಲ್ಲಿ ಐದನೇ ವಸ್ತುವಾಗಿ ಇಡೋಣ ಎಂದು ಒಂದು ವಾರ ಹಟ ಹಿಡಿದ, ವಿವರಣೆಯನ್ನೂ ಬರೆದ. ಚೆನ್ನಾಗಿಯೇ ಇತ್ತು. ಅದನ್ನು ಸೇರಿಸಿದರೆ ಕೆಂಪು ಗೆರೆಯ ವಾಕ್ಯ ಮುಟ್ಟಿದಂತಾಗುತ್ತದೆ ಎಂದು ನಾನು ಒಪ್ಪಲಿಲ್ಲ. ಈಗ ಆ ಕೆಸರಿನಲ್ಲಿ ಆಟಗಾರ ಎಷ್ಟು ಕೆದಕಿದರೂ ಏನೂ ಸಿಗುವುದಿಲ್ಲ.